ಉಸಿರು ಎಣಿಸಲು ಕೂತರೆ ಉಸಿರೇ ಬಿಗಿಯಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಹೊಸಬ_ಮನು

ಎಲ್ಲರಿಗೂ ನಮಸ್ಕಾರ. ಮೈಂಡ್‌ಫುಲ್‌ನೆಸ್ ಕಲಿಯಲು ಹೊರಟವರಿಗೆ ಮೊದಲು ಕೊಡುವ ಅಭ್ಯಾಸ ಉಸಿರು ಎಣಿಸುವುದು ಅಲ್ವಾ? ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದಕ್ಕೆ ಬನ್ನಿ ಅನ್ನುತ್ತಾರೆ. ಕೇಳಲು ಚಿಕ್ಕ ಮಕ್ಕಳ ಕೆಲಸ. ನನಗೆ ಮಾತ್ರ ಆಗುತ್ತಿಲ್ಲ.

ನಾನು ಮಾಡುವುದು ಹೀಗೆ. ಕಣ್ಣು ಮುಚ್ಚಿ ನೆಟ್ಟಗೆ ಕೂರುತ್ತೇನೆ. ಮನಸ್ಸಿನಲ್ಲೇ "ಒಂದು" ಅಂದುಕೊಂಡು ಉಸಿರು ಎಳೆದುಕೊಳ್ಳುತ್ತೇನೆ, ಬಿಡುತ್ತೇನೆ. "ಎರಡು" ಅಂದು ಮತ್ತೆ ಎಳೆದುಕೊಳ್ಳುತ್ತೇನೆ. ಮೂರು ನಾಲ್ಕು ಸುತ್ತು ಆಗುವಷ್ಟರಲ್ಲಿ ಎದೆ ಬಿಗಿದ ಹಾಗೆ ಆಗುತ್ತದೆ. ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದೆ. ಆಗ ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇನೆ. ಆಮೇಲೆ ತಲೆ ಹಗುರವಾಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ಎದ್ದು ಓಡಾಡಿದರೆ ಒಂದೆರಡು ನಿಮಿಷಕ್ಕೆ ಎಲ್ಲ ಸರಿ. ಬೇರೆ ಹೊತ್ತಿನಲ್ಲಿ, ಮೆಟ್ಟಿಲು ಹತ್ತುವಾಗ ಕೂಡ, ಇಂಥದ್ದೇನೂ ಇಲ್ಲ.

ಇನ್ನು ಕೆಲವು ದಿನ ಬಿಗಿಯೇನೂ ಆಗುವುದಿಲ್ಲ, ಆದರೆ ಎಚ್ಚರ ಬರುವ ಹೊತ್ತಿಗೆ ಎಣಿಕೆ 17ಕ್ಕೋ 20ಕ್ಕೋ ಹೋಗಿರುತ್ತದೆ. ಹತ್ತಕ್ಕೆ ನಿಲ್ಲಿಸಬೇಕಿತ್ತು ಅನ್ನುವುದೇ ಮರೆತಿರುತ್ತದೆ.

ಇದು ಎಲ್ಲರಿಗೂ ಆಗುವುದಾ, ಅಥವಾ ಈ ಅಭ್ಯಾಸ ನನಗೆ ಹೊಂದುವುದಿಲ್ಲವಾ?

ಗಟ್ಟಿಗ

ಇದಕ್ಕೆ ಕಾರಣ ಸರಳ ಸರ್. ನೀವು ಎದೆಯಿಂದ ಉಸಿರಾಡುತ್ತಿದ್ದೀರಿ. ಹೊಟ್ಟೆಯಿಂದ ಉಸಿರಾಡಿ. 4 ಎಣಿಸುವವರೆಗೆ ಎಳೆದುಕೊಳ್ಳಿ, 4 ಎಣಿಸುವವರೆಗೆ ಹಿಡಿದುಕೊಳ್ಳಿ, 6 ಎಣಿಸುವವರೆಗೆ ಬಿಡಿ. ನಾನು ಇದನ್ನೇ ಮಾಡುವುದು. ಐದು ನಿಮಿಷದಲ್ಲಿ ಮೈಯೆಲ್ಲ ಸಡಿಲವಾಗುತ್ತದೆ. ಆಳವಾಗಿ ಉಸಿರಾಡಿದಷ್ಟೂ ಒಳ್ಳೆಯದು.

ನಿದ್ದೆಗಣ್ಣು

ನನ್ನದು ಉಲ್ಟಾ ಕೇಸ್. ಬಿಗಿಯೂ ಇಲ್ಲ, ಜುಮ್ಮೂ ಇಲ್ಲ. ನಾಲ್ಕು ದಾಟುವಷ್ಟರಲ್ಲಿ ನಿದ್ದೆ. ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು ಮಾಡುತ್ತೇನೆ. ನಿದ್ದೆ ಬರಲಿ ಅಂತಲೇ ಎಣಿಸುವುದಲ್ವಾ? ಮನು ಅವರೇ, ನಿಮಗೆ ನಿದ್ದೆ ಬರುತ್ತಿಲ್ಲ ಅಂತಾದರೆ ನೂರರಿಂದ ಹಿಂದಕ್ಕೆ ಎಣಿಸಿ ನೋಡಿ, ಬೇಗ ಬರುತ್ತದೆ.

ಹೊಸಬ_ಮನು

ಇಲ್ಲ ಇಲ್ಲ, ನಿದ್ದೆಯ ತೊಂದರೆ ಅಲ್ಲ. ಎಚ್ಚರವಾಗಿ ಕೂರಲೇ ಮಾಡುತ್ತಿರುವುದು.

ಗಟ್ಟಿಗ ಅವರೇ, ನೀವು ಹೇಳಿದ 4-4-6 ಮಾಡಿ ನೋಡಿದೆ. ಒಂದೆರಡು ಸಲ ಚೆನ್ನಾಗಿತ್ತು. ಆಮೇಲೆ ಹಿಡಿದುಕೊಳ್ಳುವಲ್ಲಿ ಚಡಪಡಿಕೆ ಶುರುವಾಯಿತು.

ಕಿಟಕಿಪಕ್ಕ

ಮನು ಅವರೇ, ನಿಮ್ಮ ಬರಹದಲ್ಲೇ ಉತ್ತರದ ಅರ್ಧ ಇದೆ. "ಒಂದು ಅಂದುಕೊಂಡು ಉಸಿರು ಎಳೆದುಕೊಳ್ಳುತ್ತೇನೆ" ಅಂದಿರಿ. ಅಂದರೆ ಮೊದಲು ಸಂಖ್ಯೆ, ಆಮೇಲೆ ಉಸಿರು. ಉಸಿರು ತಾನಾಗಿ ಬರುವ ಮುಂಚೆಯೇ ನೀವು ಅದನ್ನು ಕರೆಯುತ್ತಿದ್ದೀರಿ. ಹೊಸಬರು ಮಾಡುವ ತಪ್ಪುಗಳಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಇದನ್ನೇ, ಮತ್ತು ಮಾಡುವವರಿಗೆ ಇದು ಕಾಣುವುದೇ ಇಲ್ಲ.

ಹೇಗೆ ಬಿಗಿಯಾಗುತ್ತದೆ ನೋಡಿ. ಸುಮ್ನೆ ಕೂತಾಗ ಒಂದು ಉಸಿರು ಹೊರಗೆ ಹೋದ ಮೇಲೆ ಮುಂದಿನದು ಒಳಗೆ ಬರುವ ಮುಂಚೆ ಸಣ್ಣದೊಂದು ಬಿಡುವು ಇರುತ್ತದೆ. ಒಮ್ಮೆ ಚಿಕ್ಕದು, ಒಮ್ಮೆ ಸ್ವಲ್ಪ ಉದ್ದ. ಆ ಬಿಡುವಿನಲ್ಲಿ ನೀವು "ಎರಡು" ಅಂದುಬಿಟ್ಟಿರಿ ಅನ್ನಿ. ಹೇಳಿದ ಮೇಲೆ ಉಸಿರು ಬರಲೇಬೇಕಲ್ಲ, ಹಾಗಾಗಿ ಎಳೆದುಕೊಳ್ಳುತ್ತೀರಿ. ಬಿಡುವು ಹೋಯಿತು. ಸಂಖ್ಯೆಗಳು ಒಂದೇ ತಾಳದಲ್ಲಿ ಬರುತ್ತವೆ, ಉಸಿರು ಆ ತಾಳಕ್ಕೆ ಓಡಬೇಕಾಗುತ್ತದೆ. ಮೈಗೆ ಬೇಕಾದದ್ದಕ್ಕಿಂತ ಜಾಸ್ತಿ ಗಾಳಿ ಒಳಗೆ ಹೊರಗೆ ಆಗುತ್ತದೆ.

ಹಾಗೆ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ತಲೆ ಹಗುರವಾಗುವುದು, ತುಟಿ ಬೆರಳು ಜುಮ್ಮೆನ್ನುವುದು ಅದರಿಂದ. ವಿಚಿತ್ರ ಏನೆಂದರೆ, ಗಾಳಿ ಜಾಸ್ತಿಯಾಗಿದ್ದರೂ ಸಾಲದು ಅನ್ನಿಸುತ್ತದೆ. ಅದಕ್ಕೇ ನೀವು ಇನ್ನೂ ಜೋರಾಗಿ ಎಳೆಯುತ್ತೀರಿ, ಜುಮ್ಮೂ ಇನ್ನೂ ಜಾಸ್ತಿ. ಎದ್ದು ಓಡಾಡಿದಾಗ ಎರಡು ನಿಮಿಷಕ್ಕೆ ಸರಿ ಹೋಗುವುದು ಯಾಕೆಂದರೆ ಆಗ ನೀವು ಉಸಿರಿನ ಮೇಲಿಂದ ಕೈ ತೆಗೆದಿರುತ್ತೀರಿ. ಕೂತಾಗ ಮಾತ್ರ ಬಂದು, ಎದ್ದ ಕೂಡಲೇ ಹೋಗುವುದರಿಂದ ನಾನು ಹೀಗೆ ಹೇಳುತ್ತಿದ್ದೇನೆ. ನಡೆಯುವಾಗಲೋ ಕೆಲಸ ಮಾಡುವಾಗಲೋ ಎದೆ ಬಿಗಿದರೆ ಅದು ಬೇರೆ ಮಾತು, ಅದನ್ನು ವೈದ್ಯರಿಗೇ ತೋರಿಸಬೇಕು.

ಈಗ ಮಾಡಬೇಕಾದದ್ದು. ಕೂತ ಕೂಡಲೇ ಎಣಿಸಬೇಡಿ. ಒಂದೆರಡು ನಿಮಿಷ ಬರೀ ಕೂತಿರಿ. ಉಸಿರು ಎಲ್ಲಿ ಗೊತ್ತಾಗುತ್ತದೆ ನೋಡಿ. ಕೆಲವರಿಗೆ ಮೂಗಿನ ಹೊಳ್ಳೆಯ ಹತ್ತಿರ, ಕೆಲವರಿಗೆ ಹೊಟ್ಟೆ ಏಳುವುದು ಇಳಿಯುವುದು. ಯಾವುದಾದರೂ ಒಂದು ಸಾಕು, ಆ ದಿನಕ್ಕೆ ಅದನ್ನು ಬದಲಾಯಿಸಬೇಡಿ. ಆಮೇಲೆ ಒಂದು ಉಸಿರು ಬರಲಿ, ಹೋಗಲಿ. ಅದು ಹೊರಗೆ ಹೋಗಿ ಮುಗಿಯುವ ಹೊತ್ತಿಗೆ, ಕೊನೆಯಲ್ಲಿ, ಮೆಲ್ಲಗೆ "ಒಂದು" ಅನ್ನಿ. ಆಗಿ ಹೋದದ್ದನ್ನು ಎಣಿಸಬೇಕು, ಬರಲಿರುವುದನ್ನಲ್ಲ. ಆಮೇಲೆ ಸುಮ್ಮನಿದ್ದು ಕಾಯಿರಿ. ಮುಂದಿನ ಉಸಿರು ತಾನೇ ಬರುತ್ತದೆ, ನೀವು ಕರೆಯದಿದ್ದರೂ.

ಹೀಗೆ ಮಾಡಿ ಏನಾಯಿತು ಬರೆಯಿರಿ.

ಗಟ್ಟಿಗ

ಹೊಟ್ಟೆಯಿಂದ ಉಸಿರಾಡಬೇಕು ಅನ್ನುವುದರಲ್ಲಿ ತಪ್ಪೇನಿದೆ? ನಿಧಾನದ ಉಸಿರಾಟದಿಂದ ಮನಸ್ಸು ಶಾಂತವಾಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಕಿಟಕಿಪಕ್ಕ

ತಪ್ಪಿಲ್ಲ. ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡಿದರೆ ಬಹಳ ಜನರಿಗೆ ಮೈ ಸಡಿಲವಾಗುತ್ತದೆ, ನಿಜ. ಆದರೆ ನೀವು ಹೇಳುತ್ತಿರುವುದು ಬೇರೆ ಅಭ್ಯಾಸ. ನಿಮ್ಮದರಲ್ಲಿ ಒಂದೇ ಉಸಿರಿನ ಉದ್ದವನ್ನು ಎಣಿಸಿ, ಅದನ್ನು ನಿಮಗೆ ಬೇಕಾದ ಹಾಗೆ ಮಾಡುತ್ತೀರಿ. ಮನು ಕೇಳಿದ್ದರಲ್ಲಿ ಒಂದು ಇಡೀ ಉಸಿರಿಗೆ ಒಂದೇ ಸಂಖ್ಯೆ, ಮತ್ತು ಉಸಿರು ಗಿಡ್ಡವಿದ್ದರೆ ಗಿಡ್ಡ, ಒರಟಾಗಿದ್ದರೆ ಒರಟು. ಅದನ್ನು ಸರಿಪಡಿಸುವುದು ನಮ್ಮ ಕೆಲಸವಲ್ಲ. ಎರಡನ್ನೂ ಬೆರೆಸಿದರೆ ಮನು ಅವರಿಗೆ ಆದ ಹಾಗೇ ಆಗುತ್ತದೆ. ನೋಡುತ್ತಿದ್ದೇನೆ ಅಂದುಕೊಂಡು ಒಳಗೊಳಗೇ ನಡೆಸುತ್ತಿರುತ್ತಾರೆ.

"ಆಳವಾಗಿ ಉಸಿರಾಡಿದಷ್ಟೂ ಒಳ್ಳೆಯದು" ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಧಾನವಾಗಿಸದೆ ಬರೀ ಆಳ ಮಾಡಿದರೆ ಜುಮ್ಮೆನ್ನುವುದು ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ.

ಗಟ್ಟಿಗ

ಸರಿ, ನಿಮ್ಮ ದಾರಿ ನಿಮಗೆ. ನನಗೆ ಕೆಲಸ ಮಾಡುತ್ತಿದೆ.

ಲೆಕ್ಕಪತ್ರ

ನನ್ನದೊಂದು ಪ್ರಶ್ನೆ. ಕೈಗೆ ಕಟ್ಟುವ ವಾಚ್‌ನಲ್ಲಿ ಉಸಿರಾಟದ ಲೆಕ್ಕ ಬರುತ್ತದೆ. ಶುರುವಿನಲ್ಲಿ ನಿಮಿಷಕ್ಕೆ 15 ತೋರಿಸುತ್ತಿತ್ತು. ಈಗ ಎಣಿಸಲು ಕೂತಾಗ 8, 9 ತೋರಿಸುತ್ತದೆ. ಹತ್ತು ನಿಮಿಷಕ್ಕೆ ಎಂಟು ಸುತ್ತು ಮುಗಿಯುತ್ತದೆ, ಒಮ್ಮೆಯೂ ತಪ್ಪದೆ. ಇದನ್ನು ಪ್ರಗತಿ ಅನ್ನಬಹುದಾ?

ಕಿಟಕಿಪಕ್ಕ

ಬರೀ ಅಂಕಿ ನೋಡಿ ಹೇಳಲಾಗದು. ದೊಡ್ಡವರು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಆ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸುತ್ತು ಆಗಬೇಕು. ಮೈ ಸಡಿಲವಾದಂತೆ ಉಸಿರು ತಾನಾಗಿಯೇ ನಿಧಾನವಾಗುವುದೂ ಉಂಟು. ಆದರೆ ವಾಚ್ ನೋಡುತ್ತಾ ಇದ್ದರೆ, ಕಡಿಮೆ ತೋರಿಸಲಿ ಅನ್ನುವ ಆಸೆಗೆ ನೀವೇ ಎಳೆದು ಎಳೆದು ಉಸಿರಾಡುತ್ತಿರಬಹುದು.

ಗೊತ್ತು ಮಾಡಿಕೊಳ್ಳಲು ಒಂದು ದಾರಿ ಇದೆ. ಗಂಟೆ ಬಾರಿಸಿ ಅಭ್ಯಾಸ ಮುಗಿದ ತಕ್ಷಣ ಏನಾಗುತ್ತದೆ ನೋಡಿ. ದೊಡ್ಡದೊಂದು ನಿಟ್ಟುಸಿರು ಬಂದು, ಆಮೇಲಿನ ನಾಲ್ಕೈದು ಉಸಿರು ಬೇಗ ಬೇಗ ಬಂದರೆ, ಅಷ್ಟು ಹೊತ್ತು ತಡೆದಿದ್ದಿರಿ ಅಂತ ಅರ್ಥ. ನಿಧಾನ ತಾನಾಗಿ ಬಂದಿದ್ದರೆ ಗಂಟೆ ಆದ ಮೇಲೂ ಅದೇ ಹದದಲ್ಲಿ ಮುಂದುವರಿಯುತ್ತದೆ.

ಲೆಕ್ಕಪತ್ರ

ನಿಟ್ಟುಸಿರು ಬರುತ್ತದೆ. ಪ್ರತಿ ಸಲ. ವಾಚ್ ಬಿಚ್ಚಿಟ್ಟು ಕೂರುತ್ತೇನೆ.

ಹೊಸಬ_ಮನು

ಕಿಟಕಿಪಕ್ಕ ಅವರೇ, ಒಂದು ವಾರ ನೀವು ಹೇಳಿದ ಹಾಗೆ ಮಾಡಿದೆ. ಬಿಗಿ ಬಹುಪಾಲು ಹೋಯಿತು! ಮೊದಲೆರಡು ದಿನ ಕಾಯುವುದೇ ಕಷ್ಟ. ಬರುತ್ತದೋ ಇಲ್ಲವೋ ಅನ್ನುವ ಭಯ. ಬಾರದೆ ಎಲ್ಲಿ ಹೋಗುತ್ತದೆ ಹೇಳಿ, ಆದರೂ ಆ ಹೊತ್ತಿಗೆ ಹಾಗನ್ನಿಸುತ್ತದೆ. ಆಮೇಲೆ ಅಭ್ಯಾಸವಾಯಿತು. ಜುಮ್ಮೆನ್ನುವುದು ಪೂರ್ತಿ ನಿಂತಿದೆ.

ಈಗ ಹೊಸ ತೊಂದರೆ. ಎಣಿಕೆ ಸರಿಯಾಗಿಯೇ ಇರುತ್ತದೆ. ಹತ್ತಕ್ಕೆ ಸರಿಯಾಗಿ ನಿಲ್ಲುತ್ತೇನೆ, ಒಂದಕ್ಕೆ ವಾಪಸ್ ಬರುತ್ತೇನೆ. ಆದರೆ ಪಕ್ಕದಲ್ಲೇ ಇನ್ನೊಂದು ಕಥೆ ಓಡುತ್ತಿರುತ್ತದೆ. ನಿನ್ನೆ ಕೂತಿದ್ದಾಗ ಒಬ್ಬರಿಗೆ ಬರೆಯಬೇಕಿದ್ದ ಪತ್ರ ಪೂರ್ತಿ ಮನಸ್ಸಲ್ಲೇ ಬರೆದು ಮುಗಿಸಿದೆ. ಎಣಿಕೆ ಒಂದೂ ತಪ್ಪಲಿಲ್ಲ. ಇದು ಹೇಗೆ ಸಾಧ್ಯ?

ಕಿಟಕಿಪಕ್ಕ

ಒಂದರಿಂದ ಹತ್ತು ನಮ್ಮ ಬಾಯಿಗೆ ಅಷ್ಟು ಚೆನ್ನಾಗಿ ಕೂತಿದೆ. ಅದಕ್ಕೆ ನಾವು ಬೇಕಾಗಿಯೇ ಇಲ್ಲ. ನಿಮ್ಮ 17, 20ರ ಕಥೆಯೂ ಇದೇ. ಆಗ ಎಣಿಕೆ ತಾನೇ ಓಡಿ ಹತ್ತನ್ನು ದಾಟುತ್ತಿತ್ತು. ಈಗ ಹತ್ತಕ್ಕೆ ನಿಲ್ಲುವುದನ್ನೂ ಕಲಿತುಕೊಂಡಿದೆ, ಅಷ್ಟೇ. ಅದಕ್ಕೇ ಹತ್ತಕ್ಕೆ ತಪ್ಪದೆ ಮುಟ್ಟುವುದನ್ನು ಗುರಿ ಮಾಡಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ತಪ್ಪಿಲ್ಲ, ಹಾಗಾಗಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಒಂದು ಪರೀಕ್ಷೆ ಮಾಡಿ. ಹತ್ತು ಆದ ಕೂಡಲೇ, ಈಗ ತಾನೇ ಹೋದ ಆ ಹತ್ತನೇ ಉಸಿರು ಉದ್ದವಿತ್ತೋ ಗಿಡ್ಡವಿತ್ತೋ ಅಂತ ಕೇಳಿಕೊಳ್ಳಿ. ಯೋಚಿಸಿ ಉತ್ತರ ಹುಡುಕಬಾರದು. ಗೊತ್ತಿದ್ದರೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಸಂಖ್ಯೆ ಸರಿಯಿತ್ತು, ನೀವು ಉಸಿರಿನ ಹತ್ತಿರ ಇರಲಿಲ್ಲ. ಅಷ್ಟು ತಿಳಿದುಕೊಂಡು ಮತ್ತೆ ಒಂದರಿಂದ ಶುರು ಮಾಡಿ.

ಇನ್ನೊಂದು, ಸಂಖ್ಯೆಯ ದನಿ ತಗ್ಗಿಸಿ. ಹೊಸಬರು ತಲೆಯೊಳಗೆ ಜೋರಾಗಿ ಉದ್ದಕ್ಕೆ ಹೇಳುತ್ತಾರೆ, "ಮೂ...ರು" ಅಂತ ಇಡೀ ಉಸಿರಿನ ಮೇಲೆ ಹರಡುವ ಹಾಗೆ. ಆಗ ಕೇಳುವುದು ಸಂಖ್ಯೆ ಮಾತ್ರ. ಉಸಿರಿನ ಕೊನೆಯಲ್ಲಿ ಚುಟುಕಾಗಿ ಒಮ್ಮೆ ಅಂದರೆ ಸಾಕು. ಮಿಕ್ಕ ಹೊತ್ತೆಲ್ಲ ಗಮನ ಹೊಟ್ಟೆಯಲ್ಲೋ ಮೂಗಿನಲ್ಲೋ ಇರಲಿ.

ಲೆಕ್ಕಪತ್ರ

ಇದಕ್ಕೆ ಸಂಬಂಧಪಟ್ಟ ಒಂದು ಅಧ್ಯಯನ ನೆನಪಾಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರದ್ದು, 2014ರಲ್ಲಿ ಪ್ರಕಟವಾದದ್ದು. ಅದರಲ್ಲಿ ಒಂದರಿಂದ ಒಂಬತ್ತರವರೆಗೆ ಎಣಿಸಬೇಕು. ಮೊದಲ ಎಂಟು ಉಸಿರಿಗೆ ಒಂದು ಗುಂಡಿ ಒತ್ತಬೇಕು, ಒಂಬತ್ತನೆಯದಕ್ಕೆ ಬೇರೆ ಗುಂಡಿ. ಸರಿಯಾಗಿ ಎಣಿಸುವವರಲ್ಲಿ ಮನಸ್ಸು ಅಲೆಯುವುದು ಕಡಿಮೆ ಅಂತ ಕಂಡುಬಂತು. ಹಾಗಿದ್ದರೆ ಸರಿಯಾದ ಎಣಿಕೆಗೂ ಬೆಲೆ ಇದೆ ಅಂತ ಆಯಿತಲ್ಲ?

ಕಿಟಕಿಪಕ್ಕ

ಇದೆ. ತಪ್ಪು ಎಣಿಕೆ ಅಂದರೆ ಗಮನ ಹೋಗಿತ್ತು ಅಂತಲೇ ಅರ್ಥ, ಅದು ಗಟ್ಟಿ ಸುಳಿವು. ಬಹಳ ಜನರನ್ನು ಒಟ್ಟಿಗೆ ಅಳೆಯುವಾಗ ಸರಿ ಎಣಿಕೆಯೂ ಒಳ್ಳೆ ಸುಳಿವೇ. ಆದರೆ ಕೂತಿರುವ ಒಬ್ಬರಿಗೆ, ಈ ಸುತ್ತಿನಲ್ಲಿ, ಎಣಿಕೆ ಸರಿಯಾಗಿದೆ ಅಂದ ಮಾತ್ರಕ್ಕೆ ಗಮನ ಅಲ್ಲೇ ಇತ್ತು ಅನ್ನಲಾಗದು. ಮನು ಅವರ ಪತ್ರವೇ ಸಾಕ್ಷಿ.

ಹಳೆಓದುಗ

ನಾನು ಸುಮ್ಮನೆ ಓದುತ್ತಾ ಕೂತಿದ್ದೆ. ಹತ್ತು ದಾಟುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೌದ್ಧ ಭಿಕ್ಷು ಬುದ್ಧಘೋಷ 5ನೇ ಶತಮಾನದಲ್ಲಿ ಬರೆದ ವಿಸುದ್ಧಿಮಗ್ಗ ಅನ್ನುವ ಗ್ರಂಥದಲ್ಲಿ ಇದೇ ಎಣಿಕೆಯ ವಿಷಯ ಇದೆ. ಐದಕ್ಕಿಂತ ಮುಂಚೆ ನಿಲ್ಲಿಸಬೇಡ, ಹತ್ತನ್ನು ದಾಟಬೇಡ ಅನ್ನುತ್ತಾನೆ. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಿದ ದನಗಳ ಹಾಗೆ ಮನಸ್ಸು ಒದ್ದಾಡುತ್ತದಂತೆ. ಹತ್ತಕ್ಕಿಂತ ಮೇಲೆ ಹೋದರೆ ಮನಸ್ಸು ಉಸಿರನ್ನು ಬಿಟ್ಟು ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದಂತೆ. ಮನು ಅವರ 20ರ ಕಥೆ ಅಷ್ಟು ಹಳೆಯದು.

ಅಲ್ಲಿ ಇನ್ನೊಂದು ಮಾತೂ ಇದೆ. ಎಣಿಕೆ ಶುರುವಿಗೆ ಮಾತ್ರ. ಆಮೇಲೆ ಎಣಿಸುವುದನ್ನು ಬಿಟ್ಟು ಉಸಿರನ್ನೇ ಬೆಂಬಿಡದೆ ನೋಡುವುದು ಮುಂದಿನ ಹಂತ.

ನಿದ್ದೆಗಣ್ಣು

ಹಾಗಿದ್ದರೆ ನನ್ನ ನಿದ್ದೆಗೆ ಏನಾದರೂ ಬರೆದಿದ್ದಾನಾ? ತಮಾಷೆಗೆ ಕೇಳಿದ್ದಲ್ಲ. ಎಲ್ಲರದನ್ನೂ ಓದಿದ ಮೇಲೆ ನಾನೂ ಎಚ್ಚರವಾಗಿ ಮಾಡೋಣ ಅಂತ ಕುರ್ಚಿಯಲ್ಲಿ ಕೂತೆ. ಅಲ್ಲೂ ತೂಕಡಿಕೆ. ನಾಲ್ಕು, ನಾಲ್ಕು, ನಾಲ್ಕು ಅಂತ ಒಂದೇ ಸಂಖ್ಯೆ ಹೇಳುತ್ತಿರುತ್ತೇನೆ.

ಕಿಟಕಿಪಕ್ಕ

ಅದು ತೂಕಡಿಕೆಯ ಒಳ್ಳೆಯ ಗುರುತು. ಮನಸ್ಸು ಅಲೆಯುವಾಗ ಸಂಖ್ಯೆ ಮುಂದಕ್ಕೆ ಓಡುತ್ತದೆ ಅಥವಾ ಮಾಯವಾಗುತ್ತದೆ. ನಿದ್ದೆ ಹತ್ತುವಾಗ ಸಂಖ್ಯೆ ಮಸುಕಾಗಿ ಒಂದೇ ಕಡೆ ನಿಲ್ಲುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ನೀವು ಕಣ್ಣು ಅರ್ಧ ತೆರೆದು, ನಾಲ್ಕೈದು ಅಡಿ ಮುಂದೆ ನೆಲದ ಮೇಲೆ ನೋಟ ಇಟ್ಟು ಮಾಡಿ. ಬೆನ್ನನ್ನು ಕುರ್ಚಿಗೆ ಒರಗಿಸಬೇಡಿ. ಹೊತ್ತನ್ನೂ ಬದಲಿಸಿ. ಇಷ್ಟು ದಿನ ಹಾಸಿಗೆಯಲ್ಲಿ ಎಣಿಸಿ ಮಲಗಿದ್ದೀರಿ, ಹಾಗಾಗಿ ಎಣಿಕೆ ಅಂದರೆ ನಿದ್ದೆ ಅಂತ ಮೈಗೆ ರೂಢಿಯಾಗಿದೆ. ರಾತ್ರಿ ನಿದ್ದೆಗೆ ಎಣಿಸುವುದು ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಅದನ್ನು ಈ ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ. ಇಷ್ಟೆಲ್ಲ ಮಾಡಿದರೂ ತೂಕಡಿಕೆ ಬಂದರೆ ನಿಮಗೆ ನಿದ್ದೆ ಸಾಲುತ್ತಿಲ್ಲ ಅಷ್ಟೇ. ಹೋಗಿ ಮಲಗಿ.

ಹೊಸಬ_ಮನು

ಉದ್ದವೋ ಗಿಡ್ಡವೋ ಪರೀಕ್ಷೆ ಮಾಡಿದೆ. ಮೊದಲ ದಿನ ಸುತ್ತು ಸುತ್ತಿಗೂ ಉತ್ತರವೇ ಇಲ್ಲ! ಎಣಿಕೆ ಮಾತ್ರ ಪಕ್ಕಾ. ಸ್ವಲ್ಪ ನಗು ಬಂತು. ಈಗ ಅರ್ಧಕ್ಕರ್ಧ ಸುತ್ತಿನಲ್ಲಿ ಗೊತ್ತಾಗುತ್ತದೆ. ವಿಚಿತ್ರ ಅಂದರೆ ಎಣಿಕೆ ಈಗ ಮೊದಲಿಗಿಂತ ಜಾಸ್ತಿ ತಪ್ಪುತ್ತಿದೆ. ಆರೋ ಏಳೋ ಅಂತ ಗೊಂದಲವಾಗುತ್ತದೆ. ಆಗ ಏನು ಮಾಡಬೇಕು, ಒಂದಕ್ಕೆ ವಾಪಸ್ ಬರಬೇಕಾ?

ಕಿಟಕಿಪಕ್ಕ

ತಪ್ಪು ಜಾಸ್ತಿ ಆಗಿಲ್ಲ, ಜಾಸ್ತಿ ಕಾಣುತ್ತಿದೆ. ಮೊದಲು ಎಣಿಕೆ ತನ್ನಷ್ಟಕ್ಕೆ ಓಡುತ್ತಿತ್ತು, ಈಗ ನೀವೇ ಎಣಿಸುತ್ತಿದ್ದೀರಿ.

ಗೊಂದಲವಾದರೆ ಒಂದಕ್ಕೆ ಬನ್ನಿ. ಆರೋ ಏಳೋ ಅಂತ ಹುಡುಕುತ್ತಾ ಕೂತರೆ ಅದೇ ಹೊಸ ಯೋಚನೆಯಾಗುತ್ತದೆ, ಅಷ್ಟರಲ್ಲಿ ಎರಡು ಉಸಿರು ಹೋಗಿರುತ್ತವೆ. ಒಂದರಿಂದ ಶುರು ಮಾಡಿದರೆ ಹುಡುಕುವ ಕೆಲಸವೇ ಇಲ್ಲ.

ಮಿಂಚುಹುಳ

ಇದಕ್ಕೆ ನನ್ನ ವಿರೋಧ ಇದೆ. ಒಂದಕ್ಕೆ ವಾಪಸ್ ಬರುವುದು ನನ್ನಂಥವರಿಗೆ ಶಿಕ್ಷೆಯೇ ಆಗುತ್ತದೆ. ಎಲ್ಲದರಲ್ಲೂ ಸರಿ ಇರಬೇಕು ಅನ್ನುವ ಸ್ವಭಾವ ನನ್ನದು. ತಿಂಗಳುಗಟ್ಟಲೆ ಮೂರು ನಾಲ್ಕರ ಆಚೆ ಹೋಗಲೇ ಇಲ್ಲ. ಸ್ವಲ್ಪ ಗಮನ ಅಲ್ಲಾಡಿದರೂ "ಮತ್ತೆ ಒಂದು" ಅಂತ ನನ್ನನ್ನೇ ಗದರಿಕೊಳ್ಳುತ್ತಿದ್ದೆ. ಕೊನೆಗೆ ಒಬ್ಬರು, ನೆನಪಿರುವ ಸಂಖ್ಯೆಯಿಂದಲೇ ಮುಂದುವರಿಸಿ, ತಪ್ಪಿದ್ದರೂ ಪರವಾಗಿಲ್ಲ ಅಂದರು. ಅಲ್ಲಿಂದ ಕೂರಲು ಆಯಿತು.

ಕಿಟಕಿಪಕ್ಕ

ನೀವು ಎರಡು ವಿಷಯವನ್ನು ಕೂಡಿಸುತ್ತಿದ್ದೀರಿ ಅನ್ನಿಸುತ್ತದೆ. ಯೋಚನೆ ಬಂದ ಮಾತ್ರಕ್ಕೆ ಒಂದಕ್ಕೆ ಬರಬೇಕಿಲ್ಲ. ಹಿಂದೆ ಯೋಚನೆ ಇದ್ದರೂ ಉಸಿರು ಗೊತ್ತಾಗುತ್ತಿದೆ, ಸಂಖ್ಯೆಯೂ ಗೊತ್ತಿದೆ ಅಂದರೆ ಮುಂದಕ್ಕೆ ಹೋಗಿ. ಸಂಖ್ಯೆ ನಿಜವಾಗಿ ಕಳೆದುಹೋದಾಗ ಅಥವಾ ಹತ್ತು ದಾಟಿದಾಗ ಮಾತ್ರ ಒಂದು. ಯೋಚನೆಯೇ ಬರಬಾರದು ಅಂತ ಕೂತವರಿಗೆ ಮೂರೂ ದಾಟುವುದಿಲ್ಲ.

ಮಿಂಚುಹುಳ

ನೀವು ಹೇಳುವುದು ಸರಿ ಇರಬಹುದು. ಆದರೂ ಕಳೆದುಹೋದಾಗ ಒಂದೇ ಯಾಕೆ? ಐದರಿಂದ ಶುರು ಮಾಡಿದರೆ ಉಸಿರಿಗೆ ಗೊತ್ತಾಗುತ್ತದಾ? ಒಂದು ಅಂದ ಕೂಡಲೇ ಸೋತೆ ಅನ್ನುವ ಭಾವ ಬರುವವರಿಗೆ ಬೇರೆ ದಾರಿ ಇರಲೇಬೇಕು.

ಹಳೆಓದುಗ

ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ನನ್ನನ್ನು ಕೇಳಿದರೆ ಒಂದೇ ಸರಿ. ಆ ಸೋತೆ ಅನ್ನುವ ಭಾವವೂ ಬರಲಿ, ಅದನ್ನೂ ನೋಡಿದರಾಯಿತು.

ಮಿಂಚುಹುಳ

ಹೇಳುವುದು ಸುಲಭ ಸರ್. ಇನ್ನೊಂದು ಇದೆ, ಯಾರೂ ಎತ್ತಲಿಲ್ಲ. ನನಗೆ ಮೊದಲು ಪ್ಯಾನಿಕ್ ಆಗುತ್ತಿತ್ತು. ಎದೆ ಹೊಡೆದುಕೊಂಡು ಉಸಿರು ಕಟ್ಟಿದ ಹಾಗೆ ಆಗುವುದು. ಅಂಥವರಿಗೆ ಉಸಿರನ್ನೇ ನೋಡು ಅಂದರೆ ಭಯ ಹುಟ್ಟುವ ಜಾಗಕ್ಕೇ ಕಳಿಸಿದ ಹಾಗೆ. ಬಿಡುವಿನಲ್ಲಿ ಕಾಯಿರಿ ಅಂದಿರಲ್ಲ, ಮನು ಅವರಿಗೆ ಎರಡು ದಿನ ಕಷ್ಟವಾಯಿತು. ನನಗೆ ಆ ಬಿಡುವು ಆಗಲೇ ಇಲ್ಲ. ಕೈಕಾಲು ತಣ್ಣಗಾಗುತ್ತಿತ್ತು.

ಕಿಟಕಿಪಕ್ಕ

ಇದನ್ನು ಹೇಳಿದ್ದು ಒಳ್ಳೆಯದಾಯಿತು. ಇಲ್ಲಿ ನಾನು ವಾದ ಮಾಡುವುದಿಲ್ಲ. ಉಸಿರು ನೋಡಿದರೆ ಭಯ ಏರುವವರಿಗೆ ಇದು ಮೊದಲ ಅಭ್ಯಾಸ ಆಗಬಾರದು. ಕಣ್ಣು ತೆರೆದು, ಎರಡೂ ಪಾದ ನೆಲಕ್ಕೆ ತಾಗುವುದನ್ನು ಗಮನಿಸುವುದು ಅಥವಾ ಸುತ್ತಲಿನ ಸದ್ದು ಕೇಳುವುದು ಅವರಿಗೆ ಹೊಂದುತ್ತದೆ. ಬೇಕಿದ್ದರೆ ಸದ್ದುಗಳನ್ನೇ ಒಂದರಿಂದ ಹತ್ತು ಎಣಿಸಬಹುದು. ಉಸಿರು ನಾವು ತಡೆದರೆ ನಿಲ್ಲುತ್ತದೆ, ಎಳೆದರೆ ಬರುತ್ತದೆ. ಹಾಗಾಗಿಯೇ ಅದರ ಜೊತೆ ಹಗ್ಗ ಜಗ್ಗಾಟ ಶುರುವಾಗುವುದು. ಹೊರಗಿನ ಸದ್ದಿನ ಮೇಲೆ ನಮ್ಮ ಕೈ ಇಲ್ಲ.

ಮೊದಲಿನ ಹಾಗೆ ಈಗಲೂ ಪ್ಯಾನಿಕ್ ಬರುತ್ತಿದ್ದರೆ ಒಬ್ಬರೇ ಕೂತು ಹಠ ಹಿಡಿಯುವುದಕ್ಕಿಂತ, ಅದನ್ನು ಬಲ್ಲ ವೈದ್ಯರ ಅಥವಾ ಆಪ್ತಸಲಹೆಗಾರರ ಜೊತೆ ಮಾತಾಡಿ ಮಾಡುವುದು ವಾಸಿ.

ಗಟ್ಟಿಗ

ಮಿಂಚುಹುಳ ಅವರೇ, ನಿಮಗೆ ನನ್ನ ವಿಧಾನ ಹೊಂದಬಹುದು. ಹಿಡಿದುಕೊಳ್ಳುವುದು ಬೇಡ, ಬಿಡುವುದನ್ನು ಮಾತ್ರ ಸ್ವಲ್ಪ ಉದ್ದ ಮಾಡಿ.

ಮಿಂಚುಹುಳ

ಹೌದು, ಅದು ಮಾಡಿದ್ದೇನೆ. ಭಯ ಏರಿದಾಗ ಉಸಿರನ್ನು ಉದ್ದಕ್ಕೆ ಬಿಟ್ಟರೆ ಇಳಿಯುತ್ತದೆ. ಆದರೆ ಅದು ಭಯ ಬಂದಾಗಿನ ಉಪಾಯ, ದಿನವೂ ಕೂರುವುದಕ್ಕೆ ನಾನು ಸದ್ದನ್ನೇ ಹಿಡಿದಿದ್ದೇನೆ.

ಲೆಕ್ಕಪತ್ರ

ಮೂಗು ಕಟ್ಟಿದ ದಿನ ಏನು ಮಾಡುತ್ತೀರಿ ಎಲ್ಲರೂ?

ನಿದ್ದೆಗಣ್ಣು

ಬಾಯಿಂದ ಉಸಿರಾಡಿ, ಹೊಟ್ಟೆಯ ಮೇಲೆ ಗಮನ. ನನಗೆ ಅಷ್ಟೂ ಗೊತ್ತು ನೋಡಿ! ಅಂದ ಹಾಗೆ ಕಣ್ಣು ಅರ್ಧ ತೆರೆದು ಮಾಡಿದ್ದು ಕೆಲಸಕ್ಕೆ ಬಂತು. ಎರಡು ಸುತ್ತು ಎಚ್ಚರವಾಗಿದ್ದೆ.

ಹೊಸಬ_ಮನು

ಕೊನೆಯದಾಗಿ ಒಂದು. ಹಳೆಓದುಗ ಅವರು ಎಣಿಕೆ ಬಿಡುವುದು ಮುಂದಿನ ಹಂತ ಅಂದರು. ಯಾವಾಗ ಬಿಡಬೇಕು? ಇಷ್ಟು ತಿಂಗಳು ಅಂತ ಇದೆಯಾ?

ಹಳೆಓದುಗ

ತಿಂಗಳ ಲೆಕ್ಕ ಇಲ್ಲ. ಎಣಿಸದೆಯೇ ಗಮನ ಉಸಿರಿನಲ್ಲಿ ನಿಲ್ಲತೊಡಗಿದಾಗ ಅನ್ನುತ್ತಾರೆ. ಕೆಲವು ಜೆನ್ ಗುರುಗಳು ವರ್ಷಗಟ್ಟಲೆ ಎಣಿಸಿರಿ ಅನ್ನುತ್ತಾರೆ. ಬಿಡಲು ಅವಸರ ಬೇಡ.

ಕಿಟಕಿಪಕ್ಕ

ನಾನು ಹೇಳಿಕೊಡುವುದು ಹೀಗೆ. ಹತ್ತು ನಿಮಿಷ ಕೂರುವವರು ಮೊದಲ ಏಳು ನಿಮಿಷ ಎಣಿಸಿ, ಕೊನೆಯ ಮೂರು ನಿಮಿಷ ಎಣಿಸದೆ ಬರೀ ಉಸಿರಿನ ಜೊತೆ ಇರಿ. ಆ ಮೂರು ನಿಮಿಷದಲ್ಲಿ ಒಂದೆರಡು ಸಲ ಜಾರಿ, ತಾವಾಗಿಯೇ ವಾಪಸ್ ಬಂದರೆ ಎಣಿಸದ ಹೊತ್ತನ್ನು ಸ್ವಲ್ಪ ಜಾಸ್ತಿ ಮಾಡಿ. ಗಂಟೆ ಬಾರಿಸಿದಾಗಲೇ ಎಚ್ಚರವಾಗುತ್ತಿದ್ದರೆ ಎಣಿಕೆಗೇ ವಾಪಸ್ ಹೋಗಿ. ತಲೆ ತುಂಬಾ ಗಲಾಟೆ ಇರುವ ದಿನ ನಾನು ಈಗಲೂ ಪೂರ್ತಿ ಹೊತ್ತು ಎಣಿಸುತ್ತೇನೆ.

ಹೊಸಬ_ಮನು

ಏಳು ಮತ್ತು ಮೂರು. ನಾಳೆಯಿಂದ ಹಾಗೇ ಮಾಡುತ್ತೇನೆ. ಏಳು ನಿಮಿಷಕ್ಕೊಂದು ಗಂಟೆ ಇಟ್ಟುಕೊಳ್ಳಬೇಕಾ, ಅಂದಾಜಿನ ಮೇಲೆ ಬಿಟ್ಟರೆ ಆಗುತ್ತದಾ?

ಕಿಟಕಿಪಕ್ಕ

ಗಂಟೆ ಇಡಿ. ಇಲ್ಲದಿದ್ದರೆ ಏಳು ನಿಮಿಷ ಆಯಿತಾ ಅಂತ ನೋಡುವುದೇ ಇನ್ನೊಂದು ಎಣಿಕೆ ಆಗುತ್ತದೆ.